ಪ್ರೀತಿಸಿದ್ದು ಅವನನ್ನೋ ಅವಳನ್ನೋ?

ಟರ್ಕಿಶ್ ಭಾಷೆಯಲ್ಲಿ ‘ಓನು ಸೆವಿಯೋರುಮ್’ ಎಂದರೆ ಪ್ರೀತಿಯನ್ನು ಹೇಳಿಕೊಂಡ ಹಾಗೆ. ಯಾರ ಮೇಲಿನ ಪ್ರೀತಿ ಎಂದು ಕೇಳಿದರೆ ಮಾತ್ರ ಆ ವಾಕ್ಯ ಬಾಯಿ ಬಿಡುವುದಿಲ್ಲ. ‘ಸೆವಿಯೋರುಮ್’ ಅಂದರೆ ಪ್ರೀತಿಸುತ್ತೇನೆ. ‘ಓನು’ ಅಂದರೆ ಅವನನ್ನು ಎಂದಾಗಬಹುದು, ಅವಳನ್ನು ಎಂದಾಗಬಹುದು, ಅದನ್ನು ಎಂದೂ ಆಗಬಹುದು. ಮೂರಕ್ಕೂ ಇರುವ ಸರ್ವನಾಮ ಒಂದೇ, ‘ಓ’. ಹೇಳಿದವರು ಗುಟ್ಟು ಮಾಡುತ್ತಿದ್ದಾರೆ ಎಂದಲ್ಲ. ಆ ಭಾಷೆಯ ವ್ಯಾಕರಣಕ್ಕೆ ಗಂಡೋ ಹೆಣ್ಣೋ ಎಂಬುದು ಬೇಕೇ ಇಲ್ಲ. ನಾಮಪದಕ್ಕೆ ಲಿಂಗವಿಲ್ಲ, ಸರ್ವನಾಮಕ್ಕೆ ಲಿಂಗವಿಲ್ಲ, ಕ್ರಿಯಾಪದದ ಕೊನೆಯಲ್ಲೂ ಲಿಂಗದ ಗುರುತಿಲ್ಲ. ಪ್ರೇಮಿಗೆ ಅಲ್ಲಿರುವ ‘ಸೆವ್‌ಗಿಲಿ’ ಎಂಬ ಮಾತೂ ಇಬ್ಬರಿಗೂ ಸಲ್ಲುತ್ತದೆ.

ಬಂಗಾಳಿಯೂ ಇದೇ ಜಾಡಿನದು. ‘ಆಮಿ ತಾಕೆ ಭಾಲೊಬಾಶಿ’ ಎಂದು ಒಬ್ಬರು ಹೇಳಿದರೆ ಹೇಳಿದವರು ಗಂಡಸೋ ಹೆಂಗಸೋ ಗೊತ್ತಾಗುವುದಿಲ್ಲ, ಪ್ರೀತಿ ಯಾರ ಮೇಲೆ ಎಂಬುದೂ ಗೊತ್ತಾಗುವುದಿಲ್ಲ. ಸಂಸ್ಕೃತದಿಂದ ಅಷ್ಟೊಂದು ಶಬ್ದ ತೆಗೆದುಕೊಂಡ ಭಾಷೆ ಸರ್ವನಾಮದ ಲಿಂಗವನ್ನು ಮಾತ್ರ ಕೈಬಿಟ್ಟಿದೆ. ‘ಶೆ’ ಎಂದರೆ ಅವನೂ ಹೌದು, ಅವಳೂ ಹೌದು.

ಈ ವಾಕ್ಯಗಳನ್ನು ಯಂತ್ರಾನುವಾದಕ್ಕೆ ಹಾಕಿ ನೋಡಿ. ಇಂಗ್ಲಿಷಿನಲ್ಲಿ ‘ಐ ಲವ್ ಹರ್’ ಬರುತ್ತದೆ, ಇಲ್ಲವೇ ‘ಐ ಲವ್ ಹಿಮ್’ ಬರುತ್ತದೆ. ಕನ್ನಡದಲ್ಲಿ ‘ಅವಳನ್ನು’ ಅಥವಾ ‘ಅವನನ್ನು’. ಮೂಲದಲ್ಲಿ ಇಲ್ಲದ ಒಂದು ಸಂಗತಿ ಅನುವಾದದಲ್ಲಿ ಬಂದು ಕೂತಿರುತ್ತದೆ. ಅದು ಊಹೆ ಎಂಬುದಕ್ಕೆ ಎಲ್ಲೂ ಗುರುತಿರುವುದಿಲ್ಲ. ಉಳಿದ ಪದಗಳಷ್ಟೇ ಧೈರ್ಯವಾಗಿ ಅದೂ ನಿಂತಿರುತ್ತದೆ. ನನ್ನ ತಕರಾರು ಇರುವುದು ಊಹೆ ತಪ್ಪಾಯಿತು ಎಂಬುದಕ್ಕಿಂತ, ಊಹಿಸಿದ್ದನ್ನು ಓದಿದವರ ಗಮನಕ್ಕೆ ತರುವುದೇ ಇಲ್ಲ ಎಂಬುದಕ್ಕೆ.

ಯಂತ್ರ ಈ ಊಹೆಯನ್ನು ಎಲ್ಲಿಂದ ತರುತ್ತದೆ ಎಂದು ನೋಡಬೇಕಾದರೆ ಅದು ಭಾಷೆ ಕಲಿತ ಬಗೆಯನ್ನು ನೋಡಬೇಕು. ಇಂದಿನ ಅನುವಾದ ವ್ಯವಸ್ಥೆಗಳಿಗೆ ಯಾರೂ ವ್ಯಾಕರಣ ಹೇಳಿಕೊಟ್ಟಿಲ್ಲ. ಎರಡು ಭಾಷೆಗಳಲ್ಲಿ ಒಂದೇ ಅರ್ಥದ ವಾಕ್ಯಗಳ ಲಕ್ಷಾಂತರ ಜೋಡಿಗಳನ್ನು ಮುಂದಿಟ್ಟು, ಇದಕ್ಕೆ ಇದು ಎಂದು ತೋರಿಸಿ ತೋರಿಸಿ ಪಳಗಿಸಿರುತ್ತಾರೆ. ಟರ್ಕಿಶ್ ಮತ್ತು ಇಂಗ್ಲಿಷಿನ ನಡುವೆ ಇಂಥ ಜೋಡಿಗಳು ರಾಶಿಯಾಗಿ ಸಿಗುವ ಒಂದು ದೊಡ್ಡ ಕಣಜವೆಂದರೆ ಸಿನಿಮಾ, ಧಾರಾವಾಹಿಗಳ ಸಬ್‌ಟೈಟಲ್. ‘ಓಪನ್ ಸಬ್‌ಟೈಟಲ್ಸ್’ ಎಂಬ ಸಂಗ್ರಹವನ್ನು ಈ ಕ್ಷೇತ್ರದವರೆಲ್ಲ ಬಳಸುತ್ತಾರೆ. ಪ್ರೀತಿಯ ಮಾತು ಅಲ್ಲಿ ಧಾರಾಳ.

ಆ ಜೋಡಿ ಹೇಗೆ ಹುಟ್ಟುತ್ತದೆ ಎಂದು ಗಮನಿಸಿ. ಇಂಗ್ಲಿಷ್ ಸಿನಿಮಾದ ನಾಯಕ ಗೆಳೆಯನ ಮುಂದೆ ಕೂತು ‘ಐ ಲವ್ ಹರ್’ ಎನ್ನುತ್ತಾನೆ. ಸಬ್‌ಟೈಟಲ್ ಬರೆಯುವವರು ಅದನ್ನು ‘ಓನು ಸೆವಿಯೋರುಮ್’ ಎಂದು ಟರ್ಕಿಶ್‌ಗೆ ತರುತ್ತಾರೆ. ‘ಹರ್’ ಎಂಬುದರೊಳಗಿದ್ದ ಹೆಣ್ಣು ಅಲ್ಲಿ ಬಿದ್ದುಹೋಗುತ್ತಾಳೆ. ನೋಡುವವರಿಗೆ ಅದರಿಂದ ನಷ್ಟವಿಲ್ಲ, ಪರದೆಯ ಮೇಲೆ ನಾಯಕಿ ಕಾಣುತ್ತಿರುತ್ತಾಳೆ. ಮುಂದೆ ಇದೇ ಜೋಡಿಯನ್ನು ಟರ್ಕಿಶ್‌ನಿಂದ ಇಂಗ್ಲಿಷಿಗೆ ಹೋಗುವುದನ್ನು ಕಲಿಸಲು ತಲೆಕೆಳಗು ಮಾಡಿ ಬಳಸುತ್ತಾರೆ. ಆಗ ಯಂತ್ರಕ್ಕೆ ಕಾಣುವುದು ‘ಓನು’ ಎಂಬ ಪದ ಮತ್ತು ಅದರ ಎದುರಿಗೆ ‘ಹರ್’. ಚಿತ್ರವಿಲ್ಲ, ಧ್ವನಿಯಿಲ್ಲ, ಹಿಂದಿನ ದೃಶ್ಯದ ನೆನಪಿಲ್ಲ. ಮನುಷ್ಯರಿಗೆ ತೆರೆಯ ಮೇಲೆ ಸಿಕ್ಕಿದ ಉತ್ತರವನ್ನು ಯಂತ್ರ ಅಕ್ಷರದಿಂದಲೇ ಹಿಂಡಿ ತೆಗೆಯಬೇಕು. ಅಕ್ಷರದಲ್ಲಿ ಅದು ಇಲ್ಲ. ಹಾಗಾಗಿ ಅದು ಸುತ್ತಲಿನ ಪದಗಳ ಸಹವಾಸ ನೋಡಲು ಕಲಿಯುತ್ತದೆ. ಸುಂದರ ಎಂಬ ಅರ್ಥದ ‘ಗ್ಯುಜೆಲ್’ ಪಕ್ಕದಲ್ಲಿದ್ದಾಗ ಇಂಗ್ಲಿಷ್ ಕಡೆ ‘ಶೀ’ ಹೆಚ್ಚು ಸಲ ಬಂದಿತ್ತು. ಕೂದಲು, ತುಟಿ, ಕಣ್ಣೀರು, ಕಾಯುವುದು ಇವೆಲ್ಲದರ ಜೊತೆಗೂ ಹಾಗೇ. ಕಾರು, ಯುದ್ಧ, ಬಿಟ್ಟುಹೋಗುವುದು ಬಂದಲ್ಲಿ ‘ಹೀ’.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಅಂಕಿ ನನ್ನದೇ, ವಿಷಯ ತಿಳಿಯಲೆಂದು ಇಟ್ಟುಕೊಂಡದ್ದು. ಕೂದಲಿನ ಮಾತು ಬಂದ 100 ವಾಕ್ಯಗಳಲ್ಲಿ 65 ಹೆಣ್ಣಿನವು, 35 ಗಂಡಿನವು ಇದ್ದವು ಅನ್ನೋಣ. ಯಂತ್ರ ಕಲಿತ ಮೇಲೆ 100 ವಾಕ್ಯ ಕೊಟ್ಟರೆ 65ಕ್ಕೆ ‘ಹರ್’, 35ಕ್ಕೆ ‘ಹಿಸ್’ ಎಂದೀತು ಎಂದುಕೊಂಡರೆ ಹಾಗಾಗುವುದಿಲ್ಲ. ಪ್ರತಿ ವಾಕ್ಯಕ್ಕೂ ಅದು ಹೆಚ್ಚು ಸಂಭವ ಇರುವುದನ್ನೇ ಆರಿಸುತ್ತದೆ. ಪ್ರತಿ ಸಲವೂ 65 ಗೆಲ್ಲುತ್ತದೆ, 35 ಸೋಲುತ್ತದೆ. ಬೇರೆ ಸುಳಿವು ಇಲ್ಲದಿದ್ದರೆ ನೂರಕ್ಕೆ ನೂರೂ ಹೆಣ್ಣಿನ ಕೂದಲೇ. ಸಮಾಜದಲ್ಲಿ ಇದ್ದ ಓರೆ ಅನುವಾದದಲ್ಲಿ ಇನ್ನಷ್ಟು ಓರೆಯಾಗುವುದು ಹೀಗೆ. ಯಂತ್ರ ನಮ್ಮ ಮನಸ್ಸಿನ ಕನ್ನಡಿ ಎಂದು ಹೇಳುವವರಿದ್ದಾರೆ. ಕನ್ನಡಿಯಲ್ಲಿ ಆ 35 ಮಂದಿಯೂ ಕಾಣಬೇಕಿತ್ತು.

ಒಂದು ಪುಟ್ಟ ಪತ್ರವನ್ನು ಹತ್ತಿರದಿಂದ ನೋಡೋಣ. ಬರೆದವರು ಯಾರೋ ಬಿಡಿ, ಪ್ರೀತಿಸಿದ ವ್ಯಕ್ತಿಯ ಹೆಸರು ದೆನಿಜ್. ಟರ್ಕಿಯಲ್ಲಿ ಈ ಹೆಸರನ್ನು ಗಂಡುಮಕ್ಕಳಿಗೂ ಇಡುತ್ತಾರೆ, ಹೆಣ್ಣುಮಕ್ಕಳಿಗೂ ಇಡುತ್ತಾರೆ, ಅರ್ಥ ಸಮುದ್ರ. ಪತ್ರದಲ್ಲಿ ಐದು ವಾಕ್ಯ. ‘ದೆನಿಜ್ ಗೆಲ್ದಿ’, ದೆನಿಜ್ ಬಂದದ್ದಾಯಿತು. ‘ಸಾಚ್ಲಾರಿ ಇಸ್ಲಾಕ್‌ತಿ’, ಕೂದಲು ಒದ್ದೆಯಾಗಿತ್ತು. ‘ಬಾನಾ ಚಾಯ್ ಯಾಪ್ತಿ’, ನನಗೆ ಚಹಾ ಮಾಡಿಕೊಟ್ಟದ್ದು. ‘ಆರಾಬಾಯಿ ತಾಮಿರ್ ಎತ್ತಿ’, ಕಾರು ರಿಪೇರಿ ಮಾಡಿದ್ದು. ಕೊನೆಗೆ ‘ಓನು ಸೆವಿಯೋರುಮ್’.

ಈ ಐದು ವಾಕ್ಯಗಳಲ್ಲಿ ದೆನಿಜ್‌ಗೆ ಸಲ್ಲುವ ಸರ್ವನಾಮ ಬಿಡಿಯಾಗಿ ಕಾಣುವುದು ಕೊನೆಯದರಲ್ಲಿ ಮಾತ್ರ. ‘ಯಾಪ್ತಿ’ ಎಂಬ ಕ್ರಿಯಾಪದದಲ್ಲಿ ಮೂರನೆಯವರು ಮಾಡಿದರು ಎಂಬುದು ಅಡಗಿದೆ, ಕರ್ತೃವನ್ನು ಹೇಳಬೇಕಾಗಿಯೇ ಇಲ್ಲ. ‘ಸಾಚ್ಲಾರಿ’ ಎಂಬುದರ ಕೊನೆಯ ‘ಇ’ಕಾರದಲ್ಲಿ ಯಾರದೋ ಕೂದಲು ಎಂಬುದು ಸೇರಿಕೊಂಡಿದೆ. ಟರ್ಕಿಶ್ ಓದುವವರಿಗೆ ಐದೂ ವಾಕ್ಯ ಒಂದೇ ದೆನಿಜ್‌ನ ಸುತ್ತ ಸರಾಗವಾಗಿ ಓಡುತ್ತವೆ. ಇಂಗ್ಲಿಷಿಗೆ ಹೋಗಬೇಕಾದರೆ ಮೊದಲನೆಯದನ್ನು ಬಿಟ್ಟು ಉಳಿದ ಪ್ರತಿ ವಾಕ್ಯದ ಬಾಗಿಲಲ್ಲೂ ಹೀ ಅಥವಾ ಶೀ, ಹಿಸ್ ಅಥವಾ ಹರ್ ಎಂದು ಚೀಟಿ ತೋರಿಸಬೇಕು.

ಅನುವಾದ ವ್ಯವಸ್ಥೆ ವಾಕ್ಯವಾಕ್ಯವನ್ನೂ ಬೇರೆಬೇರೆಯಾಗಿ ನೋಡುವಂಥದಾದರೆ, ಅಂಥವು ಈಗಲೂ ಬಹಳ ಇವೆ, ಏನಾಗುವ ಸಂಭವವಿದೆ ಎಂದು ಕನ್ನಡದಲ್ಲೇ ಬರೆದು ತೋರಿಸುತ್ತೇನೆ. ದೆನಿಜ್ ಬಂದ. ಅವಳ ಕೂದಲು ಒದ್ದೆಯಾಗಿತ್ತು. ಅವಳು ನನಗೆ ಚಹಾ ಮಾಡಿಕೊಟ್ಟಳು. ಅವನು ಕಾರು ರಿಪೇರಿ ಮಾಡಿದ. ನಾನು ಅವಳನ್ನು ಪ್ರೀತಿಸುತ್ತೇನೆ. ಒಬ್ಬರಿದ್ದ ಪ್ರೇಮಪತ್ರ ಇಬ್ಬರದಾಯಿತು. ಚಹಾ ಮಾಡಿದವಳೊಬ್ಬಳು, ಕಾರು ರಿಪೇರಿಗೆ ಬಂದ ದೆನಿಜ್ ಎಂಬ ಮೆಕ್ಯಾನಿಕ್ ಒಬ್ಬ, ಪಾಪದ ಪ್ರೇಮಿ ಮೂರನೆಯವನು. ಓದಿದವರಿಗೆ ತ್ರಿಕೋನ ಪ್ರೇಮದ ವಾಸನೆ ಹೊಡೆದರೆ ತಪ್ಪೇನಿಲ್ಲ.

ಮೇಲಿನ ಕನ್ನಡವನ್ನು ಇನ್ನೊಮ್ಮೆ ನೋಡಿದರೆ ನಮ್ಮ ಭಾಷೆ ಈ ವಿಷಯದಲ್ಲಿ ಇಂಗ್ಲಿಷಿಗಿಂತ ಬಿಗಿ ಎಂಬುದು ಕಾಣುತ್ತದೆ. ಇಂಗ್ಲಿಷಿನಲ್ಲಿ ಊಹೆ ಸರ್ವನಾಮದಲ್ಲಿ ಮಾತ್ರ ಇರುತ್ತದೆ, ‘ಕೇಮ್’ ಎಂಬ ಕ್ರಿಯಾಪದಕ್ಕೆ ಬಂದವರು ಯಾರಾದರೂ ಒಂದೇ. ಕನ್ನಡದಲ್ಲಿ ಸರ್ವನಾಮ ತೆಗೆದುಹಾಕಿದರೂ ‘ಬಂದ’, ‘ಬಂದಳು’ ಎಂದು ಕ್ರಿಯಾಪದವೇ ಚಾಡಿ ಹೇಳುತ್ತದೆ.

ಹೊಸ ವ್ಯವಸ್ಥೆಗಳು ಇಡೀ ಪ್ಯಾರಾವನ್ನು ಒಟ್ಟಿಗೆ ಓದುತ್ತವೆ. ಆಗ ದೆನಿಜ್ ಮಧ್ಯದಲ್ಲಿ ಗಂಡಿನಿಂದ ಹೆಣ್ಣಾಗಿ, ಮತ್ತೆ ಗಂಡಾಗುವ ಗಲಿಬಿಲಿ ತಪ್ಪುತ್ತದೆ. ಮೊದಲ ಸಾಲಿನಲ್ಲಿ ಒಂದು ಆಯ್ಕೆ ಮಾಡಿಕೊಂಡು ಕೊನೆಯವರೆಗೂ ಅದನ್ನೇ ಹಿಡಿದು ಹೋಗುತ್ತದೆ. ಆದರೆ ಊಹೆ ಊಹೆಯಾಗಿಯೇ ಉಳಿಯಿತು. ಮೊದಲು ತಾಳತಪ್ಪಿದ ಸರ್ವನಾಮಗಳನ್ನು ನೋಡಿ ‘ಇಲ್ಲೇನೋ ಎಡವಟ್ಟಾಗಿದೆ’ ಎಂದು ನಮಗೆ ಸಂಶಯವಾದರೂ ಬರುತ್ತಿತ್ತು. ಈಗ ನಯವಾದ ಅನುವಾದ ಓದಿ ದೆನಿಜ್ ಹೆಣ್ಣೇ ಎಂದು ಪೂರ್ತಿ ನಂಬಿಬಿಡುತ್ತೇವೆ. ಈ ಒಂದು ವಿಷಯದಲ್ಲಿ ಹಳೆಯ ಒರಟು ಅನುವಾದವೇ ಪ್ರಾಮಾಣಿಕವಾಗಿತ್ತು ಅನ್ನಬೇಕು.

ಡಾಕ್ಟರು, ನರ್ಸು, ಎಂಜಿನಿಯರು ಎಂಬ ಉದ್ಯೋಗಗಳ ವಿಷಯದಲ್ಲಿ ಇದೇ ತಪ್ಪು ನಡೆಯುವುದನ್ನು ಸಂಶೋಧಕರು ಚೆನ್ನಾಗಿ ದಾಖಲಿಸಿದ್ದಾರೆ. ಐಲಿನ್ ಚಾಲಿಶ್ಕಾನ್, ಜೊವಾನ್ನಾ ಬ್ರೈಸನ್, ಅರವಿಂದ್ ನಾರಾಯಣನ್ 2017ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದ ಲೇಖನದಲ್ಲಿ ಟರ್ಕಿಶ್‌ನ ಉದಾಹರಣೆಯನ್ನೇ ಕೊಟ್ಟರು. ಒಂದೇ ‘ಓ’ ಡಾಕ್ಟರ ಮುಂದೆ ‘ಹೀ’ ಆಗುತ್ತಿತ್ತು, ನರ್ಸ್ ಮುಂದೆ ‘ಶೀ’ ಆಗುತ್ತಿತ್ತು. 2023ರಲ್ಲಿ ಸೌರಜಿತ್ ಘೋಷ್ ಮತ್ತು ಅದೇ ಚಾಲಿಶ್ಕಾನ್ ಬಂಗಾಳಿ, ಟರ್ಕಿಶ್ ಸೇರಿ ಆರು ಭಾಷೆಗಳನ್ನು ಇಟ್ಟುಕೊಂಡು ಚಾಟ್‌ಜಿಪಿಟಿಯ ಅನುವಾದವನ್ನು ಪರೀಕ್ಷಿಸಿದಾಗಲೂ ಕಂಡದ್ದು ಇದೇ ಚಾಳಿ.

ಪ್ರೇಮದ ಬರಹದಲ್ಲಿ ತೊಡಕು ಇನ್ನೊಂದು ಸುತ್ತು ಹೆಚ್ಚು. ಉದ್ಯೋಗದ ವಾಕ್ಯದಲ್ಲಿ ಇರುವುದು ಒಬ್ಬರು, ಪ್ರೀತಿಯಲ್ಲಿ ಇಬ್ಬರು. ‘ಓ ಓನು ಸೆವಿಯೋರ್’ ಎಂಬ ಮೂರು ಪದಗಳ ವಾಕ್ಯವನ್ನು ತೆಗೆದುಕೊಳ್ಳಿ. ಒಬ್ಬರು ಇನ್ನೊಬ್ಬರನ್ನು ಪ್ರೀತಿಸುತ್ತಾರೆ. ಜನರನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡರೂ ವ್ಯಾಕರಣದ ಪ್ರಕಾರ ಇದಕ್ಕೆ ನಾಲ್ಕು ಅನುವಾದಗಳಿವೆ. ಅವನು ಅವಳನ್ನು, ಅವಳು ಅವನನ್ನು, ಅವನು ಇನ್ನೊಬ್ಬನನ್ನು, ಅವಳು ಇನ್ನೊಬ್ಬಳನ್ನು. ನಾಲ್ಕೂ ಸಮ. ಯಂತ್ರದ ತಕ್ಕಡಿಯಲ್ಲಿ ಮೊದಲಿನ ಎರಡು ಭಾರ, ಕೊನೆಯ ಎರಡು ಹಗುರ. ಒಂದು ಕಡೆ ‘ಹೀ’ ಎಂದು ತೀರ್ಮಾನವಾದ ಕೂಡಲೇ ಇನ್ನೊಂದು ಕಡೆ ‘ಹರ್’ ಎಂದು ಬೀಳುವುದು ಹೆಚ್ಚುಕಡಿಮೆ ಖಾತ್ರಿ. ತನ್ನ ಗೆಳತಿಯ ಬಗ್ಗೆ ಹೆಣ್ಣೊಬ್ಬಳು ಬರೆದ ಸಾಲುಗಳಲ್ಲಿ ಬರೆದಾಕೆ ಹೆಣ್ಣು ಎಂಬ ಸುಳಿವು ಸಿಕ್ಕರೆ, ಅದೇ ಸುಳಿವು ಗೆಳತಿಯನ್ನು ಗಂಡಾಗಿಸುತ್ತದೆ. ಸರಿಯಾದ ಮಾಹಿತಿ ಹೆಚ್ಚು ಸಿಕ್ಕಷ್ಟೂ ತಪ್ಪು ಹೆಚ್ಚು ಗಟ್ಟಿಯಾಗುವ ವಿಚಿತ್ರ ಇದು.

ಟರ್ಕಿಶ್‌ನ ‘ಓ’ ವಸ್ತುವಿಗೂ ಸಲ್ಲುವುದರಿಂದ ಮೂರನೆಯ ದಾರಿಯೂ ತೆರೆದೇ ಇದೆ. ‘ಓನು ಕಾಯ್‌ಬೆತ್ತಿಮ್’ ಎಂದರೆ ಕಳೆದುಕೊಂಡೆ. ಸತ್ತ ಪ್ರಿಯರ ಬಗ್ಗೆಯೂ ಇದನ್ನೇ ಹೇಳುತ್ತಾರೆ, ಕಳೆದುಹೋದ ಬೀಗದ ಕೈ ಬಗ್ಗೆಯೂ ಇದನ್ನೇ ಹೇಳುತ್ತಾರೆ. ಹಿಂದುಮುಂದಿಲ್ಲದೆ ಈ ವಾಕ್ಯವೊಂದನ್ನೇ ಕೊಟ್ಟರೆ ‘ಐ ಲಾಸ್ಟ್ ಇಟ್’ ಎಂದು ಬರುವುದು ಅಪರೂಪವಲ್ಲ. ವಿರಹಗೀತೆ ಅಲ್ಲಿಗೆ ಪೊಲೀಸ್ ಠಾಣೆಗೆ ಕೊಟ್ಟ ದೂರಾಗುತ್ತದೆ.

ಬಂಗಾಳಿಗೆ ಈ ಕೊನೆಯ ತೊಂದರೆ ಅಷ್ಟಿಲ್ಲ, ಅಲ್ಲಿ ವಸ್ತುವಿಗೆ ಬೇರೆ ಸರ್ವನಾಮವಿದೆ. ಬಂಗಾಳಿಯಲ್ಲಿ ಇನ್ನೊಂದು ಇದೆ, ಅದು ಕನ್ನಡದವರಿಗೆ ಕೂಡಲೇ ಅರ್ಥವಾಗುವಂಥದ್ದು. ಸಲುಗೆಯವರಿಗೆ, ಸಾಮಾನ್ಯರಿಗೆ ‘ಶೆ’. ಮರ್ಯಾದೆ ಕೊಡಬೇಕಾದವರಿಗೆ ‘ತಿನಿ’. ಕ್ರಿಯಾಪದವೂ ಇದಕ್ಕೆ ತಕ್ಕಂತೆ ಬದಲಾಗುತ್ತದೆ. ಅಂದರೆ ಬಂಗಾಳಿ ಲಿಂಗವನ್ನು ಹೇಳುವುದಿಲ್ಲ, ಆದರೆ ಇಬ್ಬರ ನಡುವಿನ ದೂರವನ್ನು ತಪ್ಪದೆ ಹೇಳುತ್ತದೆ. ಪ್ರೇಮಕಥೆಯಲ್ಲಿ ಇದು ಸಣ್ಣ ವಿಷಯವಲ್ಲ. ‘ತಿನಿ’ ಎನ್ನುತ್ತಿದ್ದವರು ಒಂದು ದಿನ ‘ಶೆ’ ಎಂದರೆ ಕಥೆ ಎಲ್ಲಿಗೆ ಬಂತು ಎಂದು ಓದುಗರಿಗೆ ಗೊತ್ತಾಗುತ್ತದೆ.

‘ತಿನಿ’ಗೆ ಕನ್ನಡದಲ್ಲಿ ‘ಅವರು’ ಹೇಳಿ ಮಾಡಿಸಿದ ಜೋಡಿ. ಮರ್ಯಾದೆಯೂ ಉಳಿಯಿತು, ಲಿಂಗವೂ ತೆರೆದೇ ಉಳಿಯಿತು. ಕೋಲ್ಕತ್ತದಿಂದ ಬೆಂಗಳೂರಿಗೆ ನೇರ ಬಂದರೆ ಏನೂ ಕಳೆಯುವುದಿಲ್ಲ. ಆದರೆ ಯಂತ್ರಾನುವಾದ ಬಹಳ ಸಲ ಬರುವುದು ಲಂಡನ್ ಸುತ್ತಿಕೊಂಡು. ಎರಡು ಭಾರತೀಯ ಭಾಷೆಗಳ ನಡುವೆ ನೇರ ವಾಕ್ಯಜೋಡಿಗಳು ಸಾಕಷ್ಟು ಇಲ್ಲದಿರುವುದರಿಂದ ಮೊದಲು ಇಂಗ್ಲಿಷ್‌ ಮಾಡಿ, ಅಲ್ಲಿಂದ ಕನ್ನಡ ಮಾಡುವ ಪದ್ಧತಿ ಬಂತು. ಟರ್ಕಿಶ್‌ನಿಂದ ಕನ್ನಡಕ್ಕಂತೂ ಈ ಸುತ್ತುದಾರಿಯೇ ಸಾಮಾನ್ಯ. ಇಂಗ್ಲಿಷಿನ ಮೆಟ್ಟಿಲು ಹತ್ತಿದ ಕ್ಷಣ ‘ತಿನಿ’ಯ ಮರ್ಯಾದೆ ಬಿದ್ದುಹೋಗುತ್ತದೆ, ಇಲ್ಲದ ‘ಹೀ’ ಅಂಟಿಕೊಳ್ಳುತ್ತದೆ. ಎರಡನೆಯ ಹಂತದ ಯಂತ್ರಕ್ಕೆ ಆ ‘ಹೀ’ ಊಹೆ ಎಂಬುದು ಗೊತ್ತಿಲ್ಲ. ಅದು ನಿಷ್ಠೆಯಿಂದ ‘ಅವನು’ ಎಂದು ಬರೆದು, ಪ್ರತಿ ಕ್ರಿಯಾಪದಕ್ಕೂ ಗಂಡಿನ ಪ್ರತ್ಯಯ ಹಚ್ಚುತ್ತದೆ. ಮೂಲದಲ್ಲಿದ್ದದ್ದು ಹೋಯಿತು, ಇಲ್ಲದ್ದು ಬಂತು.

ಈ ಪರದಾಟ ಯಾವ ಭಾಷೆಗೆ ಹೋಗುತ್ತೇವೆ ಎಂಬುದರ ಮೇಲೆ ನಿಂತಿದೆ ಎನ್ನುವುದಕ್ಕೆ ಹಿಂದಿ ಒಳ್ಳೆಯ ಸಾಕ್ಷಿ. ‘ಆಮಿ ತಾಕೆ ಭಾಲೊಬಾಶಿ’ಯನ್ನು ಹಿಂದಿಗೆ ತಂದರೆ ಪ್ರೀತಿಸಲ್ಪಟ್ಟವರು ‘ಉಸೆ’ ಎಂದು ಲಿಂಗವಿಲ್ಲದೆಯೇ ಪಾರಾಗುತ್ತಾರೆ. ಸಿಕ್ಕಿಬೀಳುವವರು ಪ್ರೀತಿಸುವವರು. ‘ಕರ್ತಾ ಹೂಂ’ ಅನ್ನಬೇಕೋ ‘ಕರ್ತೀ ಹೂಂ’ ಅನ್ನಬೇಕೋ ಯಂತ್ರ ತೀರ್ಮಾನಿಸಲೇಬೇಕು. ಸಾಮಾನ್ಯವಾಗಿ ‘ಕರ್ತಾ’ ಗೆಲ್ಲುತ್ತದೆ. ಕನ್ನಡದಲ್ಲಿ ಇದು ತಿರುಗುಮುರುಗು. ‘ಪ್ರೀತಿಸುತ್ತೇನೆ’ ಎಂದು ಯಾರು ಬೇಕಾದರೂ ಹೇಳಬಹುದು, ಯಾರನ್ನು ಎಂಬಲ್ಲಿ ನಾವು ಪಟ್ಟು ಹಿಡಿಯುತ್ತೇವೆ. ಒಂದೇ ಬಂಗಾಳಿ ವಾಕ್ಯ ಹಿಂದಿಯಲ್ಲಿ ಪ್ರೇಮಿಯ ಲಿಂಗ ತಪ್ಪಿಸುತ್ತದೆ, ಕನ್ನಡದಲ್ಲಿ ಪ್ರಿಯರ ಲಿಂಗ ತಪ್ಪಿಸುತ್ತದೆ. ಮೂಲ ವಾಕ್ಯದಲ್ಲಿ ಯಾವ ಕೊರತೆಯೂ ಇರಲಿಲ್ಲ.

ಊಹಿಸುವ ಚಾಳಿ ಯಂತ್ರದಿಂದ ಶುರುವಾದದ್ದೂ ಅಲ್ಲ. ಆಟೊಮನ್ ಕಾಲದ ದಿವಾನ್ ಕಾವ್ಯದಲ್ಲಿ ಪ್ರಿಯರು ಎಂದರೆ ಒಂದು ಮುಖ, ಒಂದು ನಡಿಗೆ, ಒಂದು ನಿರ್ದಯ ನೋಟ. ಗಂಡೋ ಹೆಣ್ಣೋ ಎಂದು ಭಾಷೆ ಹೇಳುವುದಿಲ್ಲ, ಕವಿಗೂ ಹೇಳುವ ಅವಸರವಿಲ್ಲ. ಆ ಕಾವ್ಯ ಇಂಗ್ಲಿಷಿಗೆ ಬಂದಾಗ ಪ್ರಿಯರು ಬಹಳ ಸಲ ‘ಶೀ’ ಆಗಿಬಿಟ್ಟರು. ವಾಲ್ಟರ್ ಆಂಡ್ರೂಸ್ ಮತ್ತು ಮೆಹ್ಮೆತ್ ಕಾಲ್‌ಪಾಕ್ಲಿ 2005ರಲ್ಲಿ ಪ್ರಕಟಿಸಿದ ‘ದಿ ಏಜ್ ಆಫ್ ಬಿಲವೆಡ್ಸ್’ ಪುಸ್ತಕ, ಆ ಕಾಲದ ಎಷ್ಟೋ ಕವಿತೆಗಳ ಪ್ರಿಯರು ತರುಣರು ಎಂಬುದನ್ನು ವಿವರವಾಗಿ ಚರ್ಚಿಸುತ್ತದೆ. ಸುಂದರ ಮುಖ, ಉದ್ದ ಕೂದಲು ಎಂದೊಡನೆ ಹೆಣ್ಣು ಎಂದು ಓದುವುದು ಅಲ್ಲಿ ಚರಿತ್ರೆಯನ್ನೇ ತಪ್ಪಾಗಿ ಓದಿದಂತೆ. ಇಂದಿನ ಯಂತ್ರ ಆ ಕವಿತೆಗಳನ್ನು ಅನುವಾದಿಸಲು ಹೊರಟರೆ, ಹಳೆಯ ಅನುವಾದಕರಿಗೆ ಕೊನೆಪಕ್ಷ ಇದ್ದ ಅಳುಕೂ ಅದಕ್ಕೆ ಇರುವುದಿಲ್ಲ.

ಬಂಗಾಳಿಯ ಕಡೆ ಇದಕ್ಕಿಂತ ಕುತೂಹಲದ ಒಂದು ಪ್ರಸಂಗವಿದೆ. 1912ರಲ್ಲಿ ಬಂದ ಇಂಗ್ಲಿಷ್ ಗೀತಾಂಜಲಿಯ 26ನೆಯ ಗೀತೆ. ರಾತ್ರಿ ಯಾರೋ ಬಂದು ಪಕ್ಕದಲ್ಲಿ ಕೂತು ಹೋದರು, ಮಲಗಿದ್ದ ಜೀವಕ್ಕೆ ಎಚ್ಚರವಾಗಲಿಲ್ಲ ಎಂಬ ಹಳಹಳಿ ಅದರಲ್ಲಿದೆ. ಬಂಗಾಳಿಯಲ್ಲಿ ಬಂದು ಹೋದವರು ‘ಶೆ’. ಅದನ್ನು ದೇವರೆಂದು ಹಾಡಬಹುದು, ಪ್ರಿಯಕರನೆಂದು ಹಾಡಬಹುದು, ಪ್ರಿಯತಮೆ ಎಂದೂ ಹಾಡಬಹುದು. ಇಂಗ್ಲಿಷಿಗೆ ತಂದವರು ಸ್ವತಃ ರವೀಂದ್ರನಾಥ ಠಾಕೂರರು. ಅವರಿಗೂ ಬೇರೆ ದಾರಿಯಿರಲಿಲ್ಲ, ‘ಹೀ’ ಎಂದು ಬರೆದರು. ಬರೆದ ಕವಿಗೆ ಆರಿಸಿಕೊಳ್ಳುವ ಹಕ್ಕಿತ್ತು, ಆರಿಸಿಕೊಂಡರು. ಆದರೂ ಬಂಗಾಳಿಯಲ್ಲಿ ತೆರೆದಿದ್ದ ಎರಡು ಮೂರು ಬಾಗಿಲುಗಳಲ್ಲಿ ಇಂಗ್ಲಿಷಿನಲ್ಲಿ ಒಂದು ಮುಚ್ಚಿತು ಎಂಬುದು ಉಳಿದೇ ಇದೆ. ಯಂತ್ರವೂ ಅದೇ ‘ಹೀ’ಯನ್ನು ಬರೆದರೆ ಉತ್ತರ ಒಂದೇ ಆಗಬಹುದು. ಆದರೆ ಯಂತ್ರ ಅಲ್ಲಿಗೆ ತಲುಪಿದ್ದು ಕವಿಯ ಮನಸ್ಸಿನ ಮೂಲಕವಲ್ಲ, ಬೇರೆಯವರ ವಾಕ್ಯಗಳ ಎಣಿಕೆಯ ಮೂಲಕ.

ಇದಕ್ಕೆ ಮದ್ದು ಹುಡುಕಿಲ್ಲವೇ ಎಂದರೆ, ಹುಡುಕಿದ್ದಾರೆ. ಗೂಗಲ್ ಟ್ರಾನ್ಸ್‌ಲೇಟ್ 2018ರ ಡಿಸೆಂಬರ್‌ನಲ್ಲಿ ಟರ್ಕಿಶ್‌ನಿಂದ ಇಂಗ್ಲಿಷಿಗೆ ಹೋಗುವ ಕೆಲವು ವಾಕ್ಯಗಳಿಗೆ ಎರಡು ಉತ್ತರ ತೋರಿಸಲು ಶುರುಮಾಡಿತು, ಒಂದು ಹೆಣ್ಣಿಗೆ, ಒಂದು ಗಂಡಿಗೆ. 2020ರಲ್ಲಿ ವಿಧಾನ ಬದಲಾಯಿತು. ಮೊದಲು ಎಂದಿನಂತೆ ಅನುವಾದ ಮಾಡುವುದು. ಅದರಲ್ಲಿ ‘ಹೀ’ ಅಥವಾ ‘ಶೀ’ ಬಂದಿದ್ದು ಮೂಲದಲ್ಲಿ ಅಂಥದ್ದಿಲ್ಲದಿದ್ದರೆ, ಲಿಂಗ ಮಾತ್ರ ಬದಲಿಸಿ ಇನ್ನೊಂದು ಪ್ರತಿ ಬರೆಯುವುದು. ಎರಡಕ್ಕೂ ಲಿಂಗ ಬಿಟ್ಟು ಬೇರೆ ವ್ಯತ್ಯಾಸವಿಲ್ಲ ಎಂದು ಖಚಿತಪಡಿಸಿಕೊಂಡು ಎರಡನ್ನೂ ತೋರಿಸುವುದು. ಫಿನ್ನಿಶ್, ಹಂಗೇರಿಯನ್, ಪರ್ಶಿಯನ್ ಭಾಷೆಗಳಿಗೂ ಇದನ್ನು ವಿಸ್ತರಿಸಿದರು. ಅವುಗಳಲ್ಲೂ ಅವನು, ಅವಳು ಎಂಬ ಭೇದವಿಲ್ಲ.

ಇದು ಒಳ್ಳೆಯ ಕೆಲಸ ಎಂದೇ ನನ್ನ ಅಭಿಪ್ರಾಯ. ಎರಡು ಉತ್ತರ ಕಂಡ ಕೂಡಲೇ ಮೂಲದಲ್ಲಿ ಲಿಂಗವಿಲ್ಲ ಎಂಬುದು ಓದುವವರಿಗೆ ಹೊಳೆಯುತ್ತದೆ. ಆದರೆ ಇದು ನಡೆಯುವುದು ಒಬ್ಬರ ಬಗ್ಗೆ ಇರುವ ಸಣ್ಣ ವಾಕ್ಯದಲ್ಲಿ. ಇಬ್ಬರು ಬಂದರೆ ನಾಲ್ಕು ಪ್ರತಿ, ಮೂವರು ಬಂದರೆ ಎಂಟು. ಇಡೀ ಕಾದಂಬರಿಯ ಪುಟವನ್ನು ಎಂಟು ಬಗೆಯಲ್ಲಿ ಯಾರು ಓದುತ್ತಾರೆ? ಇಂಗ್ಲಿಷಿನಲ್ಲಿ ‘ದೇ’ ಎಂಬುದನ್ನು ಒಬ್ಬರಿಗೇ ಬಳಸುವ ದಾರಿಯಿದೆ. ಪ್ರೇಮದ ಬರಹದಲ್ಲಿ ಅದಕ್ಕೊಂದು ಅಡ್ಡಿ, ‘ಐ ಲವ್ ದೆಮ್’ ಎಂದರೆ ಅಭ್ಯಾಸವಿಲ್ಲದ ಕಿವಿಗೆ ಹಲವರನ್ನು ಪ್ರೀತಿಸಿದಂತೆ ಕೇಳುತ್ತದೆ.

ಕನ್ನಡದಲ್ಲಿ ‘ಅವರು’ ಇದೆಯಲ್ಲ ಎಂದು ಅನ್ನಿಸಬಹುದು. ‘ತಿನಿ’ಗೆ ಒಪ್ಪುವ ‘ಅವರು’ ‘ಶೆ’ಗೆ ಒಪ್ಪುವುದಿಲ್ಲ. ಒಲಿದವರ ನಡುವೆ ‘ಅವರು’ ಒಂದು ಕುರ್ಚಿ ದೂರ ಸರಿದು ಕೂತಂತೆ. ಅದಕ್ಕಿಂತ ದೊಡ್ಡ ತೊಡಕೆಂದರೆ, ನಮ್ಮ ಮನೆಗಳಲ್ಲಿ ‘ಅವರು ಇನ್ನೂ ಬಂದಿಲ್ಲ’, ‘ಅವರಿಗೆ ಇದು ಇಷ್ಟ’ ಎಂದು ಹೆಸರು ಹೇಳದೆ ಒಬ್ಬರ ಬಗ್ಗೆ ಮಾತಾಡುವವರು ಸಾಮಾನ್ಯವಾಗಿ ಹೆಂಡತಿಯರು, ಆ ‘ಅವರು’ ಗಂಡ. ವ್ಯಾಕರಣದಲ್ಲಿ ಲಿಂಗವಿಲ್ಲದ ಪದ ಬಳಕೆಯಲ್ಲಿ ಲಿಂಗ ಪಡೆದುಕೊಂಡುಬಿಟ್ಟಿದೆ. ಪ್ರೇಮಪತ್ರದಲ್ಲಿ ‘ಅವರನ್ನು ಪ್ರೀತಿಸುತ್ತೇನೆ’ ಎಂದು ಬರೆದರೆ ಬರೆದವರು ಹೆಂಗಸು, ಕಾಲ ಸ್ವಲ್ಪ ಹಿಂದಿನದು ಎಂದು ಓದುಗರು ತೀರ್ಮಾನಿಸಿಬಿಡುತ್ತಾರೆ.

ಕೈಯಿಂದ ಅನುವಾದ ಮಾಡುವವರು ಬೇರೆ ಉಪಾಯಗಳನ್ನು ಹೂಡುತ್ತಾರೆ. ದೆನಿಜ್‌ನ ಪತ್ರಕ್ಕೆ ಮರಳಿದರೆ, ‘ಕೂದಲು ಒದ್ದೆಯಾಗಿತ್ತು’ ಎಂದು ಯಾರದೆಂದು ಹೇಳದೆ ಬಿಡುವುದು ಕನ್ನಡಕ್ಕೆ ಸಹಜ. ‘ನನಗೆ ಚಹಾ ಸಿಕ್ಕಿತು, ಕಾರಿನ ರಿಪೇರಿಯೂ ಆಯಿತು’ ಎಂದು ಕೆಲಸವನ್ನು ಮುಂದಿಟ್ಟು ಮಾಡಿದವರನ್ನು ಹಿಂದಿಡಬಹುದು. ‘ದೆನಿಜ್ ಎಂದರೆ ನನಗೆ ಪ್ರಾಣ’ ಎಂದರೆ ಸರ್ವನಾಮದ ಹಂಗೇ ಇಲ್ಲ. ಐದು ವಾಕ್ಯಗಳಲ್ಲಿ ನಾಲ್ಕು ಹೀಗೆ ದಡ ಸೇರುತ್ತವೆ. ಸಿಕ್ಕಿಹಾಕಿಕೊಳ್ಳುವುದು ಎಲ್ಲಕ್ಕಿಂತ ಸರಳವಾದ ‘ದೆನಿಜ್ ಗೆಲ್ದಿ’. ಬಂದ, ಬಂದಳು ಎರಡನ್ನೂ ಬಿಟ್ಟು ಬಂದದ್ದನ್ನು ಹೇಳಬೇಕಾದರೆ ‘ದೆನಿಜ್ ಆಗಮನವಾಯಿತು’ ಎಂದು ಆಮಂತ್ರಣ ಪತ್ರಿಕೆಯ ಭಾಷೆಗೆ ಹೋಗಬೇಕಾಗುತ್ತದೆ. ಅಲ್ಲಿ ಒಳ್ಳೆಯ ಅನುವಾದಕರೂ ಸೋಲುತ್ತಾರೆ. ಇಡೀ ಪತ್ರವನ್ನು ‘ನೀನು ಬಂದೆ’ ಎಂದು ಎದುರಿಗಿರುವವರಿಗೆ ತಿರುಗಿಸಿದರೆ ಲಿಂಗದ ಪ್ರಶ್ನೆಯೇ ಮಾಯ. ನಮ್ಮ ಪ್ರೇಮಗೀತೆಗಳಲ್ಲಿ ‘ನೀನು’ ಎಂದು ಕರೆದವನ್ನು ಯಾರು ಯಾರಿಗೆ ಬೇಕಾದರೂ ಹಾಡಲು ಬರುವುದು ಇದರಿಂದಲೇ. ಆದರೆ ದೆನಿಜ್ ಕೋಣೆಯಲ್ಲಿಲ್ಲ ಎಂಬುದು ಆ ಪತ್ರದ ಜೀವ. ‘ನೀನು’ ಎಂದರೆ ದೆನಿಜ್‌ನನ್ನು ಎದುರಿಗೆ ತಂದು ಕೂರಿಸಿದಂತಾಗುತ್ತದೆ.

ಫೋನಿನಲ್ಲಿ ಟರ್ಕಿಶ್ ಹಾಡಿನ ಸಾಹಿತ್ಯವನ್ನೋ ಬಂಗಾಳಿ ಕಥೆಯನ್ನೋ ಅನುವಾದಿಸಿ ಓದುವವರು ಊಹೆಯನ್ನು ಪತ್ತೆಹಚ್ಚುವುದು ಕಷ್ಟವಲ್ಲ. ವಾಕ್ಯದಲ್ಲಿ ಒಂದೇ ಒಂದು ಪದ ಬದಲಿಸಿ ಮತ್ತೆ ಹಾಕಿ. ಚಹಾದ ಬದಲು ಕಾರು, ಅಳುವಿನ ಬದಲು ಬೈಗುಳ. ‘ಅವಳು’ ಹೋಗಿ ‘ಅವನು’ ಬಂದರೆ ಮೊದಲು ಬಂದದ್ದೂ ಊಹೆಯೇ. ಇನ್ನೊಂದು ಬಗೆ, ‘ಹೀ’ ಇರುವ ಇಂಗ್ಲಿಷ್ ವಾಕ್ಯವನ್ನು ಟರ್ಕಿಶ್ ಮಾಡಿಸಿ, ಬಂದದ್ದನ್ನು ಮತ್ತೆ ಇಂಗ್ಲಿಷಿಗೆ ತರುವುದು. ಹೋಗುವಾಗ ಗಂಡಾಗಿದ್ದವರು ಬರುವಾಗ ಹೆಣ್ಣಾಗಿದ್ದರೆ ನಡುವಿನ ಭಾಷೆ ಆ ಮಾಹಿತಿಯನ್ನು ಹೊತ್ತು ತರಲಿಲ್ಲ ಎಂದರ್ಥ. ನಿಜವಾದ ಸುಳಿವುಗಳೂ ಬರಹದಲ್ಲಿ ಇರುತ್ತವೆ, ಸರ್ವನಾಮದಲ್ಲಿ ಅಲ್ಲ. ಟರ್ಕಿಶ್‌ನಲ್ಲಿ ‘ಕೊಜಾಮ್’ ಎಂದಿದ್ದರೆ ನನ್ನ ಗಂಡ, ‘ಯಾಕಿಶಿಕ್ಲಿ’ ಎಂದಿದ್ದರೆ ಸಾಮಾನ್ಯವಾಗಿ ಚೆಲುವನಾದ ಗಂಡಸು. ಬಂಗಾಳಿಯಲ್ಲಿ ‘ಪ್ರೇಮಿಕ್’ ಗಂಡು, ‘ಪ್ರೇಮಿಕಾ’ ಹೆಣ್ಣು. ಅಂಥ ಒಂದು ಪದ ಹತ್ತು ಸಾಲು ಆಚೆಗೆ ಸಿಕ್ಕೀತು, ಇಡೀ ಕವಿತೆಯಲ್ಲಿ ಎಲ್ಲೂ ಸಿಗದೆಯೂ ಇದ್ದೀತು. ಸಿಗದಿದ್ದರೆ ‘ಅವಳು’ ಇರುವ ಒಂದು ಪ್ರತಿಯನ್ನೂ ‘ಅವನು’ ಇರುವ ಇನ್ನೊಂದನ್ನೂ ಪಕ್ಕಪಕ್ಕದಲ್ಲಿಟ್ಟುಕೊಂಡು ಓದುವುದೊಂದೇ ದಾರಿ.